ಮಾಸ್ತರರ ಗೋಡೆಗೆ ಬರೆದುಕೊಟ್ಟ ಕಾಗದ

ನನಗೆ ಇಂಗ್ಲಿಷ್ ಬರುತ್ತದೆ ಎಂಬುದು ಅತ್ತೆಯ ಮನೆಯಲ್ಲಿ ಮೂರು ವರ್ಷ ಬರೀ ಚೇಷ್ಟೆಯ ಮಾತಾಗಿತ್ತು. ಹುಕ್ಕೇರಿಯ ನನ್ನ ತವರಿನವರು ನನ್ನನ್ನು ಬೆಳಗಾವಿಯಲ್ಲಿಟ್ಟು ಮ್ಯಾಟ್ರಿಕ್ ಓದಿಸಿದ್ದರು. ಮದುವೆಯಾಗಿ ಮೂಡಲಗಿಗೆ ಬಂದ ಮೇಲೆ ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಔಷಧದ ಬಾಟಲಿಯ ಮೇಲಿನ ಚೀಟಿ ಓದುವುದಕ್ಕೆ, ಅಷ್ಟೇ. ರೊಟ್ಟಿ ದಪ್ಪಗಾದರೆ ಅತ್ತೆ, "ಇಂಗ್ಲೀಷ್ ರೊಟ್ಟಿ ಆಗ್ಯಾವ ನೋಡ್ರಿ ಇವತ್ತ," ಎನ್ನುತ್ತಿದ್ದರು. ನಾನೂ ಸುಮ್ಮನಿರುವ ಹೆಣ್ಣಲ್ಲ. ಮರುದಿನ ಬೇಕೆಂದೇ ಇನ್ನಷ್ಟು ದಪ್ಪಗೆ ಬಡಿಯುತ್ತಿದ್ದೆ.

ಅದು ಯುದ್ಧದ ಕಾಲ. ಪೆಟ್ರೋಲು ಚೀಟಿಯ ಮೇಲೆ ಚೂರುಪಾರು ಸಿಗುತ್ತಿತ್ತು. ನಮ್ಮ ಮಾವನವರದೊಂದು ಮಂದಿಯನ್ನು ಒಯ್ಯುವ ಸರ್ವಿಸ್ ಮೋಟಾರು ಇತ್ತು. ಮೂಡಲಗಿಯಿಂದ ಗೋಕಾಕಕ್ಕೆ, ಅಲ್ಲಿಂದ ಘಟಪ್ರಭಾ ಸ್ಟೇಶನ್ನಿಗೆ, ಮತ್ತೆ ತಿರುಗಿ ಮೂಡಲಗಿಗೆ. ಓಡಿಸುವವರು ನನ್ನ ಯಜಮಾನರೇ. ಪೆಟ್ರೋಲಿಲ್ಲದೆ ಅದನ್ನು ಇದ್ದಲಿಯ ಮೋಟಾರು ಮಾಡಿಸಿದ್ದರು. ಹಿಂದಿನ ಮೂಲೆಗೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ಕೂರಿಸಿ, ಅದರಲ್ಲಿ ಇದ್ದಲಿ ಉರಿಸಿ, ಆ ಅನಿಲದಿಂದ ಇಂಜಿನು ನಡೆಸುವುದು. ಕೇಳಲಿಕ್ಕೆ ಸುಲಭ. ನಸುಕಿನಲ್ಲೇ ಎದ್ದು ಪೀಪಾಯಿಗೆ ಇದ್ದಲಿ ಸುರಿದು, ಕೆಳಗಿನ ಬಾಯಿಗೆ ಬೆಂಕಿ ಹಚ್ಚಿ, ಕೈಪಂಖ ತಿರುಗಿಸುತ್ತ ಅರ್ಧ ತಾಸು ನಿಲ್ಲಬೇಕು. ಆಮೇಲೆ ಸಣ್ಣ ನಳಿಗೆಯ ಬಾಯಿಗೆ ಕಡ್ಡಿ ಗೀರಿ ಹಿಡಿದು ನೋಡಬೇಕು. ಉರಿ ನೀಲಿಯಾಗಿ ನಿಂತರೆ ಅನಿಲ ಪಕ್ವವಾಯಿತು, ಹಳದಿಯಾಗಿ ತೊನೆದರೆ ಇನ್ನಷ್ಟು ಪಂಖ.

ಆ ನಸುಕುಗಳನ್ನು ನೆನೆದರೆ ಇಂದಿಗೂ ನನಗೆ ಅರ್ಧ ನಿದ್ದೆ ಬಂದ ಹಾಗಾಗುತ್ತದೆ. ಓಣಿಯಲ್ಲಿ ಮಂಜೂ ಇದ್ದಲಿಯ ಹೊಗೆಯೂ ಕಲಸಿಕೊಂಡು, ಎದುರು ಮನೆಯ ಬಾಗಿಲು ಇದ್ದಲ್ಲೇ ಕರಗಿಹೋಗುತ್ತಿತ್ತು. ನಾನು ಅಂಗಳಕ್ಕೆ ಥಳಿ ಹೊಡೆಯುತ್ತಿದ್ದೆ. ನೀರು ಮಣ್ಣಿಗೆ ಬೀಳುವ ಸದ್ದು, ಪಂಖದ ಗುಂಯ್‌ಗುಡುವ ಸದ್ದು, ಅದರ ನಡುವೆ ಯಾರದೋ ಚಪ್ಪಲಿಯ ಸದ್ದು ಗೋಡೆಗುಂಟ ಮೆಲ್ಲಗೆ ಹಾದುಹೋಗುವುದು. ಅವರು ಬಾಜೂಮನೆಯ ಮಾಸ್ತರರು, ಮಸೀದಿಗೆ ಬೆಳಗಿನ ನಮಾಜಿಗೆ ಹೊರಟವರು. ಮುಖ ಕಾಣುತ್ತಿರಲಿಲ್ಲ, ಬಿಳಿ ಅಂಗಿ ಮಾತ್ರ ಹೊಗೆಯಲ್ಲಿ ತೇಲುತ್ತ ಹೋಗುತ್ತಿತ್ತು.

ಮಾಸ್ತರರು ಕನ್ನಡ ಸಾಲಿಯಲ್ಲಿ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ಪೆನ್ಶನ್ ಪಡೆದವರು. ನನ್ನ ಯಜಮಾನರ ಕಿವಿ ಹಿಂಡಿದವರು. ಹೆಂಡತಿ ತೀರಿಕೊಂಡಿದ್ದರು. ವಿಧವೆ ತಂಗಿಯೊಬ್ಬಳು ಅಡಿಗೆ ಮಾಡಿ ಹಾಕುತ್ತಿದ್ದಳು. ಒಬ್ಬನೇ ಮಗ, ಮಿರಜದಲ್ಲಿ ರೇಲ್ವೆ ನೌಕರಿ, ಅಲ್ಲೇ ಸಂಸಾರ. ಮಗ ಉರ್ದು ಸಾಲಿಯಲ್ಲಿ ಕಲಿತು ಮುಂದೆ ಇಂಗ್ಲಿಷ್ ಸಾಲಿಗೆ ಹೋದವನು. ಕನ್ನಡ ಮಾತಾಡುತ್ತಿದ್ದ, ಓದಲು ಬಾರದು. ಕನ್ನಡ ಮಾಸ್ತರರ ಮಗನಿಗೆ ಕನ್ನಡ ಓದಲು ಬಾರದೆಂದು ಊರವರು ನಗುತ್ತಿದ್ದರು, ಮಾಸ್ತರರೂ ಜೊತೆಗೆ ನಗುತ್ತಿದ್ದರು.

ನಮ್ಮ ಮೋಟಾರು ನಿಲ್ಲುತ್ತಿದ್ದದ್ದು ಆ ಮಾಸ್ತರರ ಮನೆಯ ಪಕ್ಕದ ಗೋಡೆಯ ಬದಿಗೆ. ನಮ್ಮ ಬಾಗಿಲ ಮುಂದೆ ಜಾಗವಿರಲಿಲ್ಲ, ಅಲ್ಲಿ ಇದ್ದಲಿಯ ಚೀಲಗಳ ಒಟ್ಟಲು. ಗೋಡೆಗೂ ಮೋಟಾರಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡಾಗಿ ನುಸುಳುವಷ್ಟು ಸಂದಿ ಬಿಟ್ಟು ನಿಲ್ಲಿಸುತ್ತಿದ್ದರು.

ಒಂದು ಮಧ್ಯಾಹ್ನ ಮಾಸ್ತರರ ತಂಗಿ ಬಂದು ಮಾವನವರ ಮುಂದೆ ಮಡಚಿದ ಕಾಗದವೊಂದನ್ನಿಟ್ಟು, ಏನೂ ಹೇಳದೆ ಹೋದಳು. ಮಾಸ್ತರರ ಸ್ವಂತ ಕೈಬರಹ. ಆದರೆ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು, ಕೊನೆಯ ಸಾಲಂತೂ ಕಾಗದದ ಅಂಚು ದಾಟಿ ಅರ್ಧಕ್ಕೇ ನಿಂತಿತ್ತು. "ಸಿಟ್ಟಿನ್ಯಾಗ ಬರದಾರ," ಎಂದರು ನನ್ನ ಯಜಮಾನರು. ನಾವೆಲ್ಲ ಹೌದೆಂದೆವು. ಜಾಣರ ಮನೆ ನಮ್ಮದು.

ಕಾಗದದಲ್ಲಿದ್ದದ್ದು ಇಷ್ಟು: ನಿಮ್ಮ ಮೋಟಾರು ನನ್ನ ಗೋಡೆಯ ಬದಿಗೆ ನಿಲ್ಲುವುದರಿಂದ ನನಗೆ ನಡೆದಾಡಲು ಅಡಚಣೆಯಾಗುತ್ತಿದೆ. ದಯವಿಟ್ಟು ಇದಕ್ಕೊಂದು ವ್ಯವಸ್ಥೆ ಮಾಡಿ ಉತ್ತರವನ್ನು ಬರೆದು ಕೊಡಬೇಕು. ಅದರದೇ ಇಂಗ್ಲಿಷ್ ಪ್ರತಿಯೊಂದು ಬೇಕು, ಅದನ್ನು ಮಿರಜಕ್ಕೆ ಮಗನಿಗೆ ಕಳಿಸಬೇಕಾಗಿದೆ.

ಇಂಗ್ಲಿಷ್ ಪ್ರತಿ ಎಂಬ ಮಾತಿಗೆ ಮಾವನವರ ಹಣೆಯ ವಿಭೂತಿ ನೆರಿಗೆಯಾಯಿತು. "ಮಗನ ಕಡಿಂದ ಬೆಳಗಾವಿಗೆ ಅರ್ಜಿ ಹಾಕಸ್ತಾನ ಇಂವ. ನಮ್ಮ ಪರ್ಮಿಟ್ ಮ್ಯಾಲ ಕಣ್ಣ ಐತಿ. ಇಲ್ಲಾಂದ್ರ ಇಂಗ್ಲೀಷ್ ಯಾಕ ಬೇಕಿತ್ತು?"

"ಬಾಯಲೆ ಹೇಳಿ ಮುಗಸೂಣು," ಎಂದರು ಯಜಮಾನರು.

"ಕಾಗದ ಬಂದೈತಿ. ಕಾಗದಕ್ಕ ಕಾಗದ ಹೋಗಬೇಕು. ಬಾಯಿ ಮಾತು ನಾಳೆ ಯಾರ ನೆನಪಿಡತಾರ?" ಮಾವನವರ ಪದ್ಧತಿ ಅದು. ಮನೆಗೆ ಬಂದ ಚೀಟಿ ಎಷ್ಟೇ ಸಣ್ಣದಿರಲಿ, ಉತ್ತರ ಬರೆದು, ಕೆಳಗೆ ತಮ್ಮ ಸಹಿ ಹಾಕದೆ ಅವರು ಊಟಕ್ಕೆ ಏಳುತ್ತಿರಲಿಲ್ಲ. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, ಗೋಡೆಗೆ ಹೇಳುವವರಂತೆ, "ಇಂಗ್ಲೀಷ್ ಬರೂವಕಿ ಮನ್ಯಾಗ ಅದಾಳಲ್ಲ," ಎಂದರು.

ಮೂರು ವರ್ಷದ ಮೇಲೆ ಬಂದ ಕರೆ. ಸೆರಗು ಹಣೆಗೆಳೆದುಕೊಂಡು, ಟಾಕು, ಮಸಿಕುಡಿಕೆ, ಎರಡು ಹಾಳೆ ತಂದು ಕಂಬದ ಮರೆಯಲ್ಲಿ ಕುಳಿತೆ. ಮಾವನವರು ಹೇಳತೊಡಗಿದರು: ಈ ಓಣಿ ನಮ್ಮ ಅಜ್ಜನ ಕಾಲದ್ದು. ಅವರ ಆಡು ನಮ್ಮ ಚೀಲ ಹರಿದದ್ದು ನಾವು ಯಾರಿಗೂ ಹೇಳಿಲ್ಲ. ಹೋದ ವರ್ಷ ಅವರ ಮನೆಗೆ ಸುಣ್ಣ ಹೊಡೆಯುವಾಗ ನಮ್ಮ ಕಟ್ಟೆ ಹೊಲಸಾಯಿತು, ನಾವು ತುಟಿ ಬಿಚ್ಚಲಿಲ್ಲ. ಒಂದು ಪುಟವಾಯಿತು. ಬರೆದು ಓದಿದೆ. ಓದುತ್ತಿದ್ದಂತೆ ಅದು ಉತ್ತರವಲ್ಲ, ಇನ್ನೊಂದು ತಕರಾರು ಎಂದು ನನಗನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ.

"ಮಾವಾರ, ಇದು ಓದಿದ್ರ ಅವರು ಇನ್ನೊಂದು ಬರಿತಾರ. ನಾವು ಮತ್ತೊಂದು ಬರಿಬೇಕು. ನನ್ನ ರೊಟ್ಟಿ ಯಾರು ಬಡೀಬೇಕು?"

ಅತ್ತೆ ಒಳಗಿನಿಂದ ನಕ್ಕರು. ಮಾವನವರು ಮೀಸೆ ತಿರುವಿ, "ಹಂಗಾರ ನೀ ಹೆಂಗ ಬರೀತಿ?" ಎಂದರು.

ಬೆಳಗಾವಿಯ ಸಾಲಿಯಲ್ಲಿ ಪತ್ರ ಬರೆಯುವುದನ್ನು ಕಲಿಸಿದ ಶಿಕ್ಷಕಿ ಬಾಯಿಯವರು ನನಗೆ ನೆನಪಿದ್ದರು. ತಕರಾರಿಗೆ ಉತ್ತರ ಬರೆಯುವಾಗ ಮೊದಲು ಅವರ ಮಾತನ್ನೇ ತಿರುಗಿ ಹೇಳಬೇಕು, ಓದಿದ್ದೇವೆ ಎಂದು ಗೊತ್ತಾಗಲಿ. ಆಮೇಲೆ ನಮ್ಮಿಂದಾದದ್ದನ್ನು ಒಪ್ಪಬೇಕು. 'ಆದರೆ' ಎಂದು ಎಲ್ಲಿಯೂ ಬರೆಯಬಾರದು. ಹಳೆಯ ಆಡು, ಹಳೆಯ ಸುಣ್ಣ ತರಬಾರದು. ಏನು ಮಾಡುತ್ತೇವೆ, ಯಾವ ದಿನದಿಂದ ಮಾಡುತ್ತೇವೆ ಎಂಬುದನ್ನು ಅಳೆದು ಬರೆಯಬೇಕು. ಮತ್ತೆ ತೊಂದರೆಯಾದರೆ ಯಾರನ್ನು ಕೇಳಬೇಕೆಂದು ಹೇಳಬೇಕು. ಸಹಿ ಯಜಮಾನನದೇ ಆಗಬೇಕು. ಇದನ್ನೆಲ್ಲ ನಾನು ಕಂಬದ ಮರೆಯಿಂದ ಉಪನ್ಯಾಸದ ಹಾಗೆ ಹೇಳಿದೆ. ಮಾವನವರು ಆಡನ್ನು ಬಿಟ್ಟುಕೊಡಲು ಬಹಳ ಹೊತ್ತು ತೆಗೆದುಕೊಂಡರು.

ಕೊನೆಗೆ ಉಳಿದ ಪ್ರಶ್ನೆ, ಏನು ಮಾಡುವುದು ಎಂಬುದು. ನಡೆದಾಡಲು ಅಡಚಣೆ ಎಂದಿದ್ದಾರೆ. ಅಂದರೆ ಓಣಿ ಇಕ್ಕಟ್ಟಾಗಿದೆ. ಹಾಗಾದರೆ ಮೋಟಾರನ್ನು ಗೋಡೆಗೆ ಇನ್ನೂ ಹತ್ತಿರ ಸರಿಸಿದರೆ ಓಣಿ ಅಗಲವಾಗುತ್ತದೆ. ನಮ್ಮ ಕಡೆ ಬಂಡಿ ಬಿಡುವ ಮರ್ಯಾದೆಯೇ ಅದು. ದಾರಿ ಮಂದಿಗೆ, ಬದಿ ಬಂಡಿಗೆ. ಗೋಡೆಗೆ ಹೊಂದಿಸಿ ನಿಲ್ಲಿಸಿದವನು ಸಭ್ಯ. ಮೂವರಿಗೂ ಇದು ಬಹಳ ಒಳ್ಳೆಯ ಉಪಾಯವೆನಿಸಿತು. ಕನ್ನಡದಲ್ಲಿ ಬರೆದೆ: 'ಇಂದಿನಿಂದ ಮೋಟಾರನ್ನು ನಾಲ್ಕು ಬೆರಳಷ್ಟೇ ಅಂತರದಲ್ಲಿ ಗೋಡೆಗೆ ಹೊಂದಿಸಿ ನಿಲ್ಲಿಸಿ, ಓಣಿಯನ್ನು ತಮಗೆ ತೆರವು ಮಾಡಿಕೊಡುತ್ತೇವೆ.' ಅದನ್ನೇ ಇಂಗ್ಲಿಷಿನಲ್ಲಿ ಇಳಿಸಿದೆ. ಎರಡರ ಕೆಳಗೂ ಮಾವನವರು ಕನ್ನಡದಲ್ಲೇ ಸಹಿ ಹಾಕಿದರು. ನನ್ನ ಬರಹದ ಮೇಲೆ ನನಗೆ ಅಂದು ಎಷ್ಟು ಹೆಮ್ಮೆಯಿತ್ತೆಂದರೆ, ಮಸಿ ಒಣಗುವ ತನಕ ಊದುತ್ತ ಕುಳಿತಿದ್ದೆ.

ಸಂಜೆ ನಾನೇ ಒಯ್ದು ಕೊಟ್ಟೆ. ಮಾಸ್ತರರು ಕಟ್ಟೆಯ ಮೇಲೆ ಕುಳಿತಿದ್ದರು. ಕಾಗದ ಕೈಗೆ ಹಿಡಿದು, ಬಿಚ್ಚದೆ, ಮತ್ತೆ ನನ್ನ ಕಡೆ ಚಾಚಿದರು. "ನೀನ ಓದ ತಂಗಿ. ಬರದವರ ಬಾಯಾಗ ಕೇಳೂದು ಚೊಲೊ."

ದೊಡ್ಡಸ್ತಿಕೆ ಎಂದುಕೊಂಡು ಓದಿದೆ. ನಾಲ್ಕು ಬೆರಳಿನ ಮಾತು ಬಂದಾಗ ಅವರು ತಲೆಯೆತ್ತಿದರು. "ಗ್ವಾಡಿಗೇನು?"

"ಹೌದ್ರಿ ಮಾಸ್ತರ್ರ. ಪೂರ್ತಿ ಹಚ್ಚಿ ನಿಂದ್ರಸ್ತಾರ. ನಿಮಗ ಇಡೀ ಓಣಿ ಖಾಲಿ."

ಅವರು ಗಡ್ಡದ ಮೇಲೆ ಕೈಯಾಡಿಸಿದರು. ಏನೋ ಹೇಳುತ್ತಾರೆಂದು ನಾನು ನಿಂತೆ. "ಬರದ ಕೊಟ್ಟೀರಿ. ಉಪಕಾರ ಆತು. ಇಂಗ್ಲೀಷ್‌ದು ಟಪಾಲಿಗೆ ಹಾಕಸು. ಮಗ ಓದಿದ್ರ ಅವಗೂ ಸಮಾಧಾನ ಆಕ್ಕೈತಿ," ಎಂದರಷ್ಟೆ. ನನ್ನ ಕಾಗದ ಬಹಳ ನಾಟಿದೆ ಎಂದುಕೊಂಡು ಮನೆಗೆ ಬಂದೆ.

ಆ ದಿನದಿಂದ ಯಜಮಾನರು ಮೋಟಾರನ್ನು ನಾಲ್ಕೇ ಬೆರಳಿನ ಸಂದಿಯಲ್ಲಿ ತಂದು ನಿಲ್ಲಿಸತೊಡಗಿದರು. ಎರಡು ದಿನ ಮಾಸ್ತರರು ಬೆಳಿಗ್ಗೆ ಕಾಣಲಿಲ್ಲ. ಮೂರನೆಯ ದಿನ ಬಂದರು.

ನಾನು ಥಳಿ ಹೊಡೆಯುತ್ತಿದ್ದೆ. ಅಂದು ಹೊಗೆ ತೆಳುವಾಗಿತ್ತು, ಮೂಡಲು ಬೆಳ್ಳಗಾಗುತ್ತಿತ್ತು. ಮೊದಲ ಸಲ ಅವರು ನಡೆಯುವುದನ್ನು ಪೂರ್ತಿ ಕಂಡೆ. ಎಡಗೈಯ ಬೆರಳುಗಳು ಗೋಡೆಯ ಮೇಲಿದ್ದವು. ಆಸರೆಗೆ ಹಿಡಿದ ಕೈಯಲ್ಲ ಅದು, ಓದುವ ಕೈ. ಮೋಟಾರಿನ ಮೂತಿ ಬಂದಲ್ಲಿ ಬೆರಳು ಗೋಡೆಯನ್ನು ಕಳೆದುಕೊಂಡು ಗಾಳಿಯಲ್ಲಿ ಸ್ವಲ್ಪ ಹುಡುಕಿತು. ಆಮೇಲೆ ಮೋಟಾರಿನ ಮೈ ಸಿಕ್ಕಿತು. ಅದನ್ನೇ ಹಿಡಿದು ಓಣಿಯ ಕಡೆಯಿಂದ ಬಳಸಿ ನಡೆದರು. ಬಾಗಿಲು, ಕಿಟಕಿಯ ಸರಳು, ಹಿಂದಿನ ಗಾಲಿಯ ಮೇಲಿನ ತಗಡು. ಹಿಂಬದಿಗೆ ಬಂದಾಗ, ಮತ್ತೆ ಗೋಡೆ ಸಿಗಲೆಂದು ಮೂಲೆಯ ಸುತ್ತ ಬಲಗೈಯನ್ನೂ ಚಾಚಿದರು. ಅಷ್ಟರಲ್ಲಿ ನನಗೆ ಅರ್ಥವಾಯಿತು. ಇವರಿಗೆ ಕಣ್ಣಿಲ್ಲ. "ಮಾಸ್ತರ್ರ, ನಿಂದ್ರರಿ," ಎಂದು ಕೂಗಿದೆ. ಕೂಗು ತಡವಾಯಿತು. ಅರ್ಧ ತಾಸು ಉರಿದ ಪೀಪಾಯಿಯ ಮೇಲೆ ಅವರ ಅಂಗೈ ಇಟ್ಟಾಗಿತ್ತು.

ಅವರು ಚೀರಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು, "ಬಿಸಿ ಐತಲ್ಲ ತಂಗಿ," ಎಂದರು. ನಾನು ಥಳಿಯ ಕೊಡವನ್ನೇ ತಂದು ಅವರ ಕೈಯನ್ನು ನೀರಿನಲ್ಲಿ ಅದ್ದಿ ಹಿಡಿದೆ. ಆಚೆ ಚೀಲಗಳ ಹತ್ತಿರ ಇದ್ದಲಿ ತುಂಬಿಕೊಳ್ಳುತ್ತಿದ್ದ ಯಜಮಾನರು ಓಡಿಬಂದು ಕೊಡ ಹಿಡಿದುಕೊಂಡರು. ಮಾಸ್ತರರು ನೀರಿನಲ್ಲಿ ಕೈಯಿಟ್ಟುಕೊಂಡೇ ಅವರಿಗೆ, "ನಮಾಜಿಗೆ ಹೊತ್ತ ಆಕ್ಕೈತಿ. ಗ್ವಾಡಿ ಯಾವ ಕಡೆ ಐತಿ, ಅಷ್ಟ ತೋರಸು," ಎಂದರು. ಆ ಮಾತಿಗೆ ನನಗೆ ಅಳು ತಡೆಯಲಿಲ್ಲ.

ಯಜಮಾನರು ಅಂದಿನ ಮೊದಲ ಖೇಪಿಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟಪ್ರಭಾದ ದವಾಖಾನೆಗೆ ಒಯ್ದರು. ನಾನು ಅವರ ತಂಗಿಯ ಹತ್ತಿರ ಹೋಗಿ ಕುಳಿತೆ. ಆಗ ಎಲ್ಲ ಹೊರಬಂತು. ಮೂರು ವರ್ಷದಿಂದ ನಜರು ಇಳಿಯುತ್ತ ಬಂದು, ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದಂತೆ. ಮನೆಯೊಳಗೆ ಎಲ್ಲವೂ ಗೊತ್ತು, ಊರೊಳಗೆ ಗೋಡೆ ಗೊತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ರಜೆಗೆ ಬಂದ ಮಗನಿಗೂ ಕಣ್ಣು ಮಬ್ಬಾಗಿದೆ ಎಂದಷ್ಟೇ ಹೇಳಿದ್ದಾರೆ. ಆದರೂ ಮಗನಿಗೆ ಸಂಶಯ. ನೀವು ಒಬ್ಬರೇ ಓಡಾಡುವುದು ಬೇಡ, ಮಿರಜಕ್ಕೆ ಬಂದುಬಿಡಿ ಎಂದು ಪ್ರತಿ ಉರ್ದು ಕಾಗದದಲ್ಲೂ ಬರೆಯುತ್ತಾನೆ, ಓದಿ ಹೇಳುವವಳು ಇವಳೇ. ಅಲ್ಲಿಯ ಮನೆ ಮಾಳಿಗೆಯ ಮೇಲೆ, ಕೆಳಗೆ ರೇಲ್ವೆಯ ಗದ್ದಲ. "ಅಲ್ಲಿಗೆ ಹೋದ್ರ ಅಣ್ಣ ಒಂದ ಖೋಲ್ಯಾಗ ಕುಂತಬಿಡತಾನ. ಇಲ್ಲಿ ಐದ ಹೊತ್ತು ಯಾರ ಕೈ ಹಿಡೀದ ಮಸೂತಿಗೆ ಹೋಗಿ ಬರತಾನ. ಅಷ್ಟ ಅವನ ಜೀವಾ," ಎಂದಳು.

ಇಂಗ್ಲಿಷ್ ಪ್ರತಿ ಯಾಕೆ ಬೇಕಾಗಿತ್ತೆಂದು ಈಗ ತಿಳಿಯಿತು. ಬೆಳಗಾವಿಯ ಅರ್ಜಿಗಲ್ಲ. ದಾರಿ ಸರಿಯಿದೆ, ನಾನು ಇಲ್ಲೇ ಇರಬಹುದು ಎಂದು ಮಗನಿಗೆ ತೋರಿಸುವುದಕ್ಕೆ. ಕಣ್ಣಿನ ಮಾತೆತ್ತದೆ ಗೋಡೆ ಉಳಿಸಿಕೊಳ್ಳಲು ಆ ಮುದುಕರಿಗೆ ಇದ್ದದ್ದು ಅದೊಂದೇ ದಾರಿ. ಅವರು ಗೋಡೆ ಹಿಡಿದು ಹೇಗೋ ನುಸುಳುತ್ತಿದ್ದ ಸಂದಿಯನ್ನೇ ನಾವು ನಾಲ್ಕು ಬೆರಳಿಗೆ ಇಳಿಸಿ, ಸಹಿ ಹಾಕಿ ಕೊಟ್ಟಿದ್ದೆವು. ಏನು ತೊಂದರೆ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಪತ್ರದ ಉಪನ್ಯಾಸ ಕೊಟ್ಟ ಜಾಣೆ ನಾನು. ನನ್ನ ಮೇಲೆ ನನಗೆ ಅಂದು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮಧ್ಯಾಹ್ನ ಮಾವನವರು ಊಟಕ್ಕೆ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಕರೆದರು. ಈ ಸಲ ಗೋಡೆಗೆ ಹೇಳಲಿಲ್ಲ, ನನ್ನನ್ನೇ ನೋಡಿ ಹೇಳಿದರು. "ಇನ್ನೊಂದ ಬರಿ ಯವ್ವಾ. ಏನ ಬರೀಬೇಕು ನಿನಗ ಗೊತ್ತು. ನಾ ಸಹಿ ಮಾಡತೇನಿ."

ಮೋಟಾರಿಗೆ ಬೇರೆ ಜಾಗ ಗೊತ್ತುಮಾಡಿಕೊಂಡು ಆಮೇಲೆ ಬರೆಯಲು ಕುಳಿತೆವು. ಊರಬಾಗಿಲಾದ ಅಗಸಿಯ ಹೊರಗೆ ಅರಳೆ ಗಿರಣಿಯ ಬಯಲಿತ್ತು. ಮಾವನವರು ತಾವೇ ಹೋಗಿ ಗಿರಣಿಯವರನ್ನು ಕೇಳಿ ಒಪ್ಪಿಸಿ ಬಂದರು. ಇದ್ದಲಿಯ ಚೀಲಗಳನ್ನೂ ಅಲ್ಲಿಗೇ ಸಾಗಿಸಬೇಕು, ಯಜಮಾನರು ನಸುಕಿನಲ್ಲಿ ಅಲ್ಲಿಯ ತನಕ ನಡೆಯಬೇಕು. ಅವರು ತುಟಿಪಿಟಕ್ಕೆನ್ನಲಿಲ್ಲ. ಕನ್ನಡದ ಕಾಗದ ಹೀಗಿತ್ತು:

'ಮಾಸ್ತರರಿಗೆ ವಿನಂತಿ: ನಮ್ಮ ಮೋಟಾರು ನಿಮ್ಮ ಗೋಡೆಯ ಬದಿಗೆ ನಿಂತು ನಿಮ್ಮ ದಾರಿಗೆ ಅಡ್ಡವಾಗಿದೆ ಎಂದು ನೀವು ತಿಳಿಸಿದ್ದು ಸರಿಯಾದ ಮಾತು. ನಿಮ್ಮನ್ನು ಕೇಳದೆಯೇ ನಾವು ಒಂದು ಉಪಾಯ ಮಾಡಿದೆವು, ಅದರಿಂದ ತೊಂದರೆ ಹೆಚ್ಚಾಯಿತು. ಇಂದು ಬೆಳಿಗ್ಗೆ ನಮ್ಮ ಮೋಟಾರಿನ ಬಿಸಿ ಪೀಪಾಯಿಗೆ ತಗಲಿ ನಿಮ್ಮ ಬಲಗೈ ಸುಟ್ಟಿತು. ತಪ್ಪು ನಮ್ಮದು, ಮನಸಾರೆ ಕ್ಷಮೆ ಬೇಡುತ್ತೇವೆ. ಇಂದಿನಿಂದ ಮೋಟಾರು ಈ ಓಣಿಯಲ್ಲಿ ನಿಲ್ಲುವುದಿಲ್ಲ, ಅಗಸಿಯ ಹೊರಗೆ ಗಿರಣಿಯ ಬಯಲಿನಲ್ಲಿ ನಿಲ್ಲುತ್ತದೆ. ಗೋಡೆಯ ಬದಿಗೆ ಬಂಡಿ, ಚೀಲ, ಕಟ್ಟಿಗೆ ಏನನ್ನೂ ಇಡುವುದಿಲ್ಲ. ಮತ್ತೆ ಅಡಚಣೆ ಕಂಡರೆ ಯಾವ ಹೊತ್ತಿನಲ್ಲಾದರೂ ನಮ್ಮ ಬಾಗಿಲು ಬಡಿಯಿರಿ. ನೀವು ಬರೆದು ತಿಳಿಸಿದ್ದು ನಮಗೆ ಉಪಕಾರವಾಯಿತು.'

ಇಂಗ್ಲಿಷಿಗೆ ಬಂದಾಗ ನನ್ನ ಟಾಕು ನಿಂತಿತು. ಕೈ ಸುಟ್ಟ ಸಾಲನ್ನು ಮಗ ಓದಿದರೆ ಮರುದಿನವೇ ಗಾಡಿ ಹತ್ತಿ ಬಂದು ಕರೆದೊಯ್ಯುತ್ತಾನೆ. ಯಾರಿಗೂ ಹೇಳದೆ ಆ ಒಂದು ಸಾಲನ್ನು ಬಿಟ್ಟೆ. ಮಾವನವರಿಗೆ ಇಂಗ್ಲಿಷ್ ತಿಳಿಯದು, ಸಹಿ ಹಾಕಿದರು:

'Respected Sir, You were right to tell us that our motor, standing by your wall, was in your way. We acted without asking you, and made the trouble worse. The fault is ours, and we sincerely beg your pardon. From today the motor will not stand in this lane, and will stand in the ginning yard outside the gate. Nothing else of ours, cart, sack or firewood, will be kept beside the wall. If you find any hindrance again, please knock at our door at any hour. We are obliged to you for writing to us.'

ಸಂಜೆ ಎರಡನ್ನೂ ಒಯ್ದೆ. ಮಾಸ್ತರರ ಕೈಗೆ ಬಿಳಿ ಪಟ್ಟಿ ಸುತ್ತಿತ್ತು. ಕಾಗದ ಓದಿಸಿ ಕೇಳುವ ಕಾರಣ ಈಗ ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಕನ್ನಡದ್ದನ್ನು ಓದಿದೆ. ಪ್ರತಿ ವಾಕ್ಯಕ್ಕೂ ಅವರ ಎಡಗೈಯ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದೇ ಸರಿಯುತ್ತಿತ್ತು. ಸಾಲಿಯಲ್ಲಿ ಉಕ್ತಲೇಖನ ಹೇಳುವಾಗಿನ ರೂಢಿ. "ಇನ್ನ ಇಂಗ್ಲೀಷ್‌ದು ಓದು," ಎಂದರು. ಓದಿದೆ. ಮತ್ತೆ ಹೆಬ್ಬೆರಳು ಸರಿಯಿತು.

"ಕನ್ನಡದಾಗ ಎಂಟ ಇದ್ದವು. ಇದರಾಗ ಏಳ ಅದಾವ. ಒಂದ ಎಲ್ಲೆ ಹೋತು?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಕೈದ ಬಿಟ್ಟೇನ್ರಿ. ನಿಮ್ಮ ಮಗ ಓದಿದ್ರ..."

"ಬರತಾನ. ಕರಕೊಂಡ ಹೋಗತಾನ. ಅದು ನನಗ ಗೊತ್ತೈತಿ."

"ಮತ್ತ ಯಾಕ್ರಿ ಬರೀಬೇಕು? ಇನ್ನ ಮ್ಯಾಲ ಗ್ವಾಡಿ ಖಾಲಿ ಇರತೈತಿ. ನೀವು ಆರಾಮ ಅಡ್ಡಾಡ್ರಿ. ಕೈ ಎಂಟ ದಿನದಾಗ ಮಾಯತೈತಿ."

ಮಾಸ್ತರರು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. "ನೋಡ ತಂಗಿ, ನನ್ನ ಮುಂದ ತಪ್ಪು ಒಪ್ಪಿ, ನನ್ನ ಮಗನ ಮುಂದ ಮುಚ್ಚಿದ್ರ ಅದು ಅರ್ಧ ಆತು. ನಿಮ್ಮ ಮಾವ ಪೂರ್ತಿಗೆ ಸಹಿ ಮಾಡೇನಿ ಅಂತ ತಿಳಕೊಂಡಾನ. ಮತ್ತ ನಾನೂ ಮೂರ ವರ್ಷ ಅವಗ ಮುಚ್ಚಿಟ್ಟ ಬರದೇನಿ. ಒಂದ ಕಾಗದಾರ ಖರೇ ಹೋಗ್ಲಿ." ಮತ್ತೆ ಸೇರಿಸಿದರು: "ಬರದಿ ಅಂದ್ರ ಕಣ್ಣಿನ ಮಾತೂ ಹಾಕು. ಹೆಂಗ ಸುಟ್ಟಿತು ಅಂತ ಕೇಳತಾನ."

ಅವರ ಕಟ್ಟೆಯ ಮೇಲೆಯೇ ಕುಳಿತು, ಎರಡನೆಯ ವಾಕ್ಯದ ಮುಂದೆ ಗುರುತು ಹಾಕಿ, ಅಂಚಿನಲ್ಲಿ ಸಣ್ಣಗೆ ಬರೆದೆ: 'This morning your father, who can no longer see and walks by the wall, burned his right hand on our motor.' ಬರೆದ ಮೇಲೆ ಕಂಡಿತು, ಮೇಲೆಲ್ಲ ಮಾಸ್ತರರನ್ನು ಕುರಿತು ಬರೆದು, ಇಲ್ಲಿ ಮಾತ್ರ ಮಗನಿಗೆ ಹೇಳುತ್ತಿದ್ದೇನೆ. ತಿದ್ದಲೇ ಎಂದು ಅರ್ಥ ಬಿಡಿಸಿ ಹೇಳಿ ಕೇಳಿದೆ. "ಇರಲಿ, ಅವಗ ಹೇಳೂ ಮಾತು ಅದೊಂದ," ಎಂದರು. ಮನೆಗೆ ಹೋಗಿ ಮಾವನವರಿಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಆ ಸಾಲಿನ ಪಕ್ಕದಲ್ಲಿ ಇನ್ನೊಂದು ಸಹಿ ಹಾಕಿ ಟಪಾಲಿಗೆ ಕಳಿಸಿದರು.

ಮಗ ನಾಲ್ಕನೆಯ ದಿನ ಬಂದ. ಜಗಳವಾಡುತ್ತಾನೆಂದು ನಾವು ಕಾದಿದ್ದೆವು. ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಮಾವನವರಿಗೆ, "ಕಾಕಾ, ಇಷ್ಟ ದಿನದಾಗ ಈ ಓಣಿಯಿಂದ ನನಗ ಖರೇ ಬರದವರು ನೀವ ಒಬ್ಬರು," ಎಂದ. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರೆಲ್ಲ ಮಿರಜಕ್ಕೆ ಹೊರಡುವ ದಿನ ಯಜಮಾನರು ಮೋಟಾರನ್ನು ಬಾಗಿಲಿಗೇ ತರುತ್ತೇನೆ ಎಂದರು. ಮಾಸ್ತರರು ಬೇಡವೆಂದರು. "ಓಣ್ಯಾಗ ನಿಂದ್ರಂಗಿಲ್ಲ ಅಂತ ಬರದೀರಿ. ಅಗಸಿತನಕ ನಾ ಬರತೇನಿ." ಮಗ ಕೈ ಹಿಡಿಯಲು ಹೋದ. ಅವರು ಬಿಡಿಸಿಕೊಂಡು ಎಡಗೈಯನ್ನು ಗೋಡೆಗಿಟ್ಟರು. ಮುಂದೆ ಅವರು, ಹಿಂದೆ ಟ್ರಂಕು ಹೊತ್ತ ಮಗ, ಅವನ ಹಿಂದೆ ಗಂಟು ಹಿಡಿದ ತಂಗಿ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಯಾರೋ ಗೋಡೆಗೆ ಒರಗಿಸಿದ್ದ ಏಣಿಯನ್ನು ನಾನು ಓಡಿಹೋಗಿ ಎತ್ತಿ ಒಳಗಿಟ್ಟೆ. ಬೆಳಗಿನ ಬಿಸಿಲಿನಲ್ಲಿ ಅವರು ಎಲ್ಲೂ ತಡವರಿಸದೆ, ಎಲ್ಲೂ ನಿಲ್ಲದೆ ನಡೆದು ತಿರುವಿನಲ್ಲಿ ಮರೆಯಾದರು.

ಮಳೆಗಾಲ ಬಂತು. ಗಿರಣಿಯ ಬಯಲು ಕೆಸರಾಗಿ ಗಾಲಿ ಹೂತು, ಇದ್ದಲಿ ಒದ್ದೆಯಾಗಿ ಬೆಂಕಿ ಹತ್ತದೆ ಯಜಮಾನರು ಹೈರಾಣಾದರು. ಬಾಜೂಮನೆಗೆ ಬೀಗ ಬಿದ್ದಿತ್ತು. ಒಂದು ಸಂಜೆ ಊಟಕ್ಕೆ ಕುಳಿತಾಗ ಅವರು ಮೆಲ್ಲಗೆ, "ಅಪ್ಪಾ, ಮೋಟಾರ ಮತ್ತ ಗ್ವಾಡಿ ಕಡೆ ತಂದ ನಿಂದ್ರಸ್ಲೇನು? ಈಗ ಯಾರಿಗೇನ ಅಡಚಣಿ? ಮಾಸ್ತರ್ರು ಹೋದ್ರಲ್ಲ," ಎಂದರು.

ಮಾವನವರು ತುತ್ತನ್ನು ತಾಟಿಗೆ ಬಿಟ್ಟರು. "ಅವರು ಇರೂತನಕ ಅಂತ ಬರದೇವೇನು?"

ಯಜಮಾನರು ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಮಾತು ಎರಡು ಭಾಷೆಯಲ್ಲೂ ಇರಲಿಲ್ಲ.

ಮರುದಿನ ನಸುಕಿನಲ್ಲಿ ಮಳೆ ಬಿಟ್ಟಿತ್ತು. ಥಳಿಯ ಕೊಡ ಕೆಳಗಿಟ್ಟು, ಯಾರೂ ಇಲ್ಲವೆಂದು ನೋಡಿಕೊಂಡು, ಎಡಗೈಯನ್ನು ಆ ಗೋಡೆಗಿಟ್ಟು ಕಣ್ಣು ಮುಚ್ಚಿ ನಡೆದೆ. ಹಸಿ ಮಣ್ಣು, ಸುಣ್ಣ, ಒಂದು ಗೂಡು, ಮತ್ತೆ ಮಣ್ಣು. ಇಪ್ಪತ್ತು ಹೆಜ್ಜೆಯೂ ಆಗಿರಲಿಕ್ಕಿಲ್ಲ, ಮುಂದೆ ಏನೋ ಇದೆ ಎಂದು ಹೆದರಿ ಕಣ್ಣು ತೆರೆದೆ. ಏನೂ ಇರಲಿಲ್ಲ, ಗೋಡೆ ಮಸೀದಿಯ ತನಕ ಖಾಲಿಯಿತ್ತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.